ಈಗಲೇ ಬಿಡುಗಡೆಯೋ, ಕಾಯುವುದೋ: ನಿರ್ಧಾರ ವೃಕ್ಷ ಕಟ್ಟಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಹೊಸ ಉತ್ಪನ್ನವನ್ನು ಈಗಲೇ ಮಾರುಕಟ್ಟೆಗೆ ತರಬೇಕೇ ಅಥವಾ ಬೇಡಿಕೆಯನ್ನು ಅಳೆದು ನೋಡಿದ ಮೇಲೆ ತರಬೇಕೇ ಎಂಬ ಪ್ರಶ್ನೆಗೆ ನಿರ್ಧಾರ ವೃಕ್ಷ, ಅಂದರೆ ಆಯ್ಕೆಗಳನ್ನೂ ಅವುಗಳ ಫಲಗಳನ್ನೂ ಕವಲುಗಳಾಗಿ ತೋರಿಸುವ ಮರದಂಥ ಚಿತ್ರ, ಬರೆಯುವವರಲ್ಲಿ ಹೆಚ್ಚಿನವರು ಗುಣಿಸುವಾಗಲೋ ಕೂಡುವಾಗಲೋ ತಪ್ಪುವುದಿಲ್ಲ. ‘ಕಾಯುವ’ ಕವಲನ್ನು ಬರೆಯುವಾಗ ತಪ್ಪುತ್ತಾರೆ. ಕೆಲವರು ಕಾಯುವುದನ್ನು ತಡವಾದ ಬಿಡುಗಡೆ ಎಂದಷ್ಟೇ ಬರೆಯುತ್ತಾರೆ, ಆಗ ಕಾಯುವುದು ಪ್ರತಿಸಲವೂ ನಷ್ಟವೆಂದೇ ಕಾಣುತ್ತದೆ. ಇನ್ನು ಕೆಲವರು ಪರೀಕ್ಷೆ ಹೇಳಿದ್ದೆಲ್ಲ ನಿಜವೆಂದು ಬರೆಯುತ್ತಾರೆ, ಆಗ ಕಾಯುವುದು ಸುಲಭವಾಗಿ ಗೆದ್ದುಬಿಡುತ್ತದೆ. ಈ ಎರಡು ತಪ್ಪುಗಳ ನಡುವೆ ಸರಿಯಾದ ಮರವನ್ನು ಯಾವ ಕ್ರಮದಲ್ಲಿ ಕಟ್ಟಬೇಕು ಎಂಬುದನ್ನು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಇಲ್ಲಿ ವಿವರಿಸಿದ್ದೇನೆ.

ಉದಾಹರಣೆ ಕಲ್ಪಿತವಾದುದು. ಒಂದು ಸಂಸ್ಥೆ ಬಟ್ಟೆ ತೊಳೆಯುವ ಹೊಸ ದ್ರವವೊಂದನ್ನು ಸಿದ್ಧಪಡಿಸಿದೆ. ಬೇಡಿಕೆ ಹೆಚ್ಚಿರಬಹುದು, ಕಡಿಮೆ ಇರಬಹುದು. ಈಗಲೇ ಬಿಡುಗಡೆ ಮಾಡಬಹುದು. ಇಲ್ಲವೇ ಸಣ್ಣ ಪ್ರದೇಶವೊಂದರಲ್ಲಿ ಮಾರುಕಟ್ಟೆ ಪರೀಕ್ಷೆ ನಡೆಸಿ, ಅದರ ಫಲಿತಾಂಶ ನೋಡಿಕೊಂಡು ಬಿಡುಗಡೆ ಮಾಡುವುದನ್ನೋ ಕೈಬಿಡುವುದನ್ನೋ ತೀರ್ಮಾನಿಸಬಹುದು. ಮೊತ್ತಗಳೆಲ್ಲ ಲಕ್ಷಗಳಲ್ಲಿವೆ.

## ಬೇಕಾದ ಸಾಮಗ್ರಿ

ಒಂದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್ ಮತ್ತು ಯಾವುದಾದರೂ ಸ್ಪ್ರೆಡ್‌ಶೀಟ್ ಸಾಕು. ಮೊದಲ ಮರವನ್ನು ಕೈಯಿಂದಲೇ ಬರೆಯುವುದು ಒಳ್ಳೆಯದು. ನೇರವಾಗಿ ಸ್ಪ್ರೆಡ್‌ಶೀಟ್‌ನಲ್ಲಿ ಕುಳಿತವರು ಕೋಶಗಳನ್ನು ತುಂಬುವ ಅವಸರದಲ್ಲಿ ಘಟನೆಗಳ ಕ್ರಮವನ್ನು ಕಡೆಗಣಿಸುತ್ತಾರೆ, ಈ ಲೆಕ್ಕದಲ್ಲಿ ಉತ್ತರವನ್ನು ಬದಲಿಸುವುದು ಹೆಚ್ಚಾಗಿ ಆ ಕ್ರಮವೇ.

ಇದಲ್ಲದೆ ಹಿಂದಿನ ಮಾರುಕಟ್ಟೆ ಪರೀಕ್ಷೆಗಳ ದಾಖಲೆಗಳು ಬೇಕು. ಯಾವ ಪರೀಕ್ಷೆ ಏನು ಹೇಳಿತ್ತು, ಆಮೇಲೆ ಮಾರಾಟ ಹೇಗಾಯಿತು ಎಂಬ ಎರಡೂ ವಿವರಗಳು ಅವುಗಳಲ್ಲಿರಬೇಕು.

## ಹಂತ 1: ಹಣವನ್ನೆಲ್ಲ ಒಂದೇ ದಿನಕ್ಕೆ ತನ್ನಿ

ಮರ ಬರೆಯುವ ಮೊದಲು ಎಲ್ಲ ಮೊತ್ತಗಳನ್ನೂ ಇಂದಿನ ಮೌಲ್ಯಕ್ಕೆ ಇಳಿಸಿಕೊಳ್ಳಬೇಕು. ಈಗಿನ ಬಿಡುಗಡೆಯ ಲಾಭ ಈ ವರ್ಷದಿಂದ, ತಡವಾದ ಬಿಡುಗಡೆಯ ಲಾಭ ಮುಂದಿನ ವರ್ಷದಿಂದ ಬರುವುದರಿಂದ ಎರಡನ್ನೂ ಹಾಗೆಯೇ ಹೋಲಿಸಿದರೆ ಕಾಯುವುದಕ್ಕೆ ಅನ್ಯಾಯವಾಗಿ ಅನುಕೂಲವಾಗುತ್ತದೆ.

ಇಂದಿನ ಮೌಲ್ಯಕ್ಕೆ ಇಳಿಸಲು ಬಳಸುವ ಬಡ್ಡಿ ದರದಲ್ಲಿ ಎಚ್ಚರ ಬೇಕು. ಬೇಡಿಕೆ ಅನಿಶ್ಚಿತವಾಗಿದೆ ಎಂಬ ಕಾರಣಕ್ಕೆ ದರವನ್ನು ಏರಿಸಿ, ಅದೇ ಅನಿಶ್ಚಿತತೆಯನ್ನು ಮರದಲ್ಲಿ ಸಂಭವನೀಯತೆಯಾಗಿಯೂ ಬರೆದರೆ ಒಂದೇ ಅಪಾಯವನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತಾಗುತ್ತದೆ. ಮರದೊಳಗೆ ಬಂದಿರುವ ಅಪಾಯಕ್ಕಾಗಿ ದರವನ್ನು ಮತ್ತೆ ಹೆಚ್ಚಿಸಬಾರದು.

ಉತ್ಪನ್ನವನ್ನು ರೂಪಿಸಲು ಈಗಾಗಲೇ ಮಾಡಿದ ಖರ್ಚು ಈ ಮರಕ್ಕೆ ಸೇರುವುದಿಲ್ಲ. ಯಾವ ಕವಲನ್ನು ಆರಿಸಿದರೂ ಆ ಹಣ ಹಿಂದಿರುಗಿ ಬರುವುದಿಲ್ಲ.

## ಹಂತ 2: ಮರವನ್ನು ಕಾಲದ ಕ್ರಮದಲ್ಲಿ ಬರೆಯಿರಿ

ನಾವು ಆರಿಸುವ ಕಡೆ ಚೌಕ, ಪರಿಸ್ಥಿತಿ ತೀರ್ಮಾನಿಸುವ ಕಡೆ ವೃತ್ತ, ಕವಲು ಮುಗಿದಲ್ಲಿ ಹಣದ ಮೊತ್ತ. ಬಳಸುವ ಗುರುತುಗಳು ಇಷ್ಟೇ. ಎಡದಿಂದ ಬಲಕ್ಕೆ ಹೋಗುವಾಗ ಪಾಲಿಸಬೇಕಾದ ನಿಯಮವೂ ಒಂದೇ: ಒಂದು ಚೌಕದ ಎಡಗಡೆ ಇರುವ ಸಂಗತಿಗಳು ಮಾತ್ರ ಆ ನಿರ್ಧಾರದ ಹೊತ್ತಿಗೆ ನಮಗೆ ಗೊತ್ತಿರುತ್ತವೆ.

ಎಡತುದಿಯ ಮೊದಲ ಚೌಕದಿಂದ ಮೂರು ಕವಲುಗಳು ಹೊರಡುತ್ತವೆ: ಈಗಲೇ ಬಿಡುಗಡೆ, ಪರೀಕ್ಷೆ ಮಾಡಿ ಕಾಯುವುದು, ಯೋಜನೆಯನ್ನು ಕೈಬಿಡುವುದು. ಮೂರನೆಯದರ ಮೌಲ್ಯ ಸೊನ್ನೆ. ಅದನ್ನು ಬರೆಯದಿದ್ದರೆ ಎರಡು ಕೆಟ್ಟ ಆಯ್ಕೆಗಳಲ್ಲಿ ಕಡಿಮೆ ಕೆಟ್ಟದ್ದೇ ಒಳ್ಳೆಯದೆಂದು ತೋರಬಹುದು.

ಈಗಲೇ ಬಿಡುಗಡೆಯ ಕವಲಿನ ತುದಿಯಲ್ಲಿ ಬೇಡಿಕೆಯ ವೃತ್ತ ಬರುತ್ತದೆ. ಕಾಯುವ ಕವಲಿನಲ್ಲಿ ಮೊದಲು ಬರಬೇಕಾದದ್ದು ಪರೀಕ್ಷೆಯ ಫಲಿತಾಂಶದ ವೃತ್ತ, ಅನುಕೂಲ ಅಥವಾ ಪ್ರತಿಕೂಲ. ಈ ಎರಡು ಫಲಿತಾಂಶಗಳಲ್ಲಿ ಪ್ರತಿಯೊಂದರ ನಂತರವೂ ‘ಬಿಡುಗಡೆ ಮಾಡು’, ‘ಕೈಬಿಡು’ ಎಂಬ ಕವಲುಗಳುಳ್ಳ ಹೊಸ ಚೌಕ ಇರಬೇಕು, ಬೇಡಿಕೆಯ ವೃತ್ತ ಬರುವುದು ಅದಾದ ಮೇಲೆ. ಫಲಿತಾಂಶ ಕಂಡಮೇಲೆ ಮನಸ್ಸು ಬದಲಿಸುವ ಅವಕಾಶವೇ ಕಾಯುವುದರ ಮೌಲ್ಯವಾದ್ದರಿಂದ ಈ ಚೌಕಗಳಿಲ್ಲದ ಮರದಲ್ಲಿ ಕಾಯುವುದಕ್ಕೆ ಬೆಲೆಯೇ ಇರುವುದಿಲ್ಲ.

ತಪ್ಪಿನ ಗುರುತು ಸುಲಭವಾಗಿ ಸಿಗುತ್ತದೆ. ಕಾಯುವ ಕವಲಿನಲ್ಲಿ ಬೇಡಿಕೆಯ ವೃತ್ತದ ಬಲಕ್ಕೆ ‘ಬಿಡುಗಡೆ ಮಾಡಲೇ?’ ಎಂಬ ಚೌಕ ಕಂಡರೆ, ನಿಜವಾದ ಬೇಡಿಕೆಯನ್ನು ಕಂಡ ನಂತರ ನಿರ್ಧರಿಸುತ್ತೇವೆ ಎಂದು ಬರೆದಂತಾಯಿತು. ಯಾವ ಪರೀಕ್ಷೆಯೂ ಅಷ್ಟನ್ನು ಕೊಡುವುದಿಲ್ಲ.

## ಹಂತ 3: ಪ್ರತಿ ತುದಿಗೂ ನಿವ್ವಳ ಮೊತ್ತ ಬರೆಯಿರಿ

ಈಗಲೇ ಬಿಡುಗಡೆ ಮಾಡಿ ಬೇಡಿಕೆ ಹೆಚ್ಚಿದ್ದರೆ ಬಂಡವಾಳ ಕಳೆದು 100 ಲಾಭ, ಕಡಿಮೆ ಇದ್ದರೆ 40 ನಷ್ಟ. ತಡವಾಗಿ ಬಿಡುಗಡೆ ಮಾಡಿದಾಗ ಹೆಚ್ಚಿನ ಬೇಡಿಕೆಯಲ್ಲಿ 75 ಲಾಭ, ಕಡಿಮೆ ಬೇಡಿಕೆಯಲ್ಲಿ 45 ನಷ್ಟ. ಪರೀಕ್ಷೆಯ ಖರ್ಚು 6. ಅದನ್ನು ತುದಿಗಳಲ್ಲಿ ಸೇರಿಸದೆ ಕಾಯುವ ಕವಲಿನ ಮೇಲೆ ಬರೆದಿಟ್ಟು ಕೊನೆಯಲ್ಲಿ ಒಮ್ಮೆ ಮಾತ್ರ ಕಳೆಯೋಣ. ಎರಡೂ ಕಡೆ ಕಳೆದುಬಿಡುವುದು ಬಹಳ ಸಾಮಾನ್ಯವಾದ ತಪ್ಪು.

100 ಏಕೆ 75 ಆಯಿತು ಎಂಬುದಕ್ಕೆ ಹಾಳೆಯ ಮೇಲೆ ಕಾರಣ ಬರೆದಿರಬೇಕು. ಕಳೆದುಹೋಗುವ ತಿಂಗಳುಗಳ ಮಾರಾಟ, ಅಷ್ಟರಲ್ಲಿ ಪ್ರತಿಸ್ಪರ್ಧಿ ಬಂದರೆ ಕೈತಪ್ಪುವ ಗ್ರಾಹಕರು, ಹಣ ತಡವಾಗಿ ಬರುವುದರಿಂದ ಇಳಿಯುವ ಇಂದಿನ ಮೌಲ್ಯ, ಈ ಮೂರನ್ನೂ ಬೇರೆ ಬೇರೆಯಾಗಿ ಅಂದಾಜು ಮಾಡಿ ಕೂಡಬೇಕು. ವಿಳಂಬದಿಂದ ಏನೂ ನಷ್ಟವಿಲ್ಲ ಎಂಬ ಮರ ನಿಮ್ಮ ಮುಂದೆ ಬಂದರೆ ಅದನ್ನು ಹಿಂದಕ್ಕೆ ಕಳುಹಿಸಿ ಕಾರಣ ಕೇಳಿ.

40 ಎಂಬ ನಷ್ಟದ ಹಿಂದೆಯೂ ಒಂದು ಸಣ್ಣ ನಿರ್ಧಾರ ಅಡಗಿದೆ. ಬೇಡಿಕೆ ಕಡಿಮೆ ಎಂದು ತಿಳಿದ ಕೂಡಲೇ ತಯಾರಿಕೆ ನಿಲ್ಲಿಸಿ, ಬಾಟಲಿಗೆ ದ್ರವ ತುಂಬುವ ಯಂತ್ರವನ್ನು ಮಾರಿದರೆ ನಷ್ಟ 40ಕ್ಕೆ ನಿಲ್ಲುತ್ತದೆ. ಹಟ ಹಿಡಿದು ಮುಂದುವರಿಸಿದರೆ 55 ಆಗುತ್ತದೆ. ತಡವಾದ ಬಿಡುಗಡೆಯ 45ನ್ನು ಕೂಡ ಇದೇ ರೀತಿ ನಿಲ್ಲಿಸುವ ಅವಕಾಶವನ್ನು ಸೇರಿಸಿಯೇ ಅಂದಾಜಿಸಿದೆ. ಒಂದು ಕವಲಿಗೆ ಈ ಅವಕಾಶವನ್ನು ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ ಹೋಲಿಕೆ ಹಾಳಾಗುತ್ತದೆ. ಎಷ್ಟು ಹಾಳಾಗುತ್ತದೆ ಎಂಬುದು ಐದನೇ ಹಂತದಲ್ಲಿ ಕಾಣುತ್ತದೆ.

## ಹಂತ 4: ಸಂಭವನೀಯತೆಗಳನ್ನು ತಿರುಗಿಸಿ ಬರೆಯಿರಿ

ಬೇಡಿಕೆ ಹೆಚ್ಚಿರುವ ಸಂಭವನೀಯತೆ 0.40 ಎಂದಿರಲಿ. ಪರೀಕ್ಷೆಯ ವಿಶ್ವಾಸಾರ್ಹತೆ ಹೀಗಿದೆ: ಬೇಡಿಕೆ ನಿಜವಾಗಿಯೂ ಹೆಚ್ಚಿದ್ದಾಗ 100ಕ್ಕೆ 80 ಸಲ ‘ಅನುಕೂಲ’ ಎನ್ನುತ್ತದೆ, ಬೇಡಿಕೆ ಕಡಿಮೆ ಇದ್ದಾಗಲೂ 100ಕ್ಕೆ 20 ಸಲ ತಪ್ಪಾಗಿ ‘ಅನುಕೂಲ’ ಎನ್ನುತ್ತದೆ.

ಅತಿ ಹೆಚ್ಚು ಮಂದಿ ಮುಗ್ಗರಿಸುವುದು ಇಲ್ಲಿಯೇ. ಅವರು ‘ಅನುಕೂಲ’ ಎಂಬ ಫಲಿತಾಂಶದ ಮುಂದೆ ಹೆಚ್ಚಿನ ಬೇಡಿಕೆಯ ಸಂಭವನೀಯತೆ 0.80 ಎಂದು ಬರೆದುಬಿಡುತ್ತಾರೆ. ಆದರೆ 0.80 ಎನ್ನುವುದು ಬೇಡಿಕೆ ಗೊತ್ತಿದ್ದಾಗ ಫಲಿತಾಂಶದ ಸಂಭವನೀಯತೆ. ಮರದ ಆ ಜಾಗಕ್ಕೆ ಬೇಕಿರುವುದು ಫಲಿತಾಂಶ ಗೊತ್ತಿದ್ದಾಗ ಬೇಡಿಕೆಯ ಸಂಭವನೀಯತೆ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಬೇಯ್ಸ್ ಪ್ರಮೇಯ ಎನ್ನುತ್ತಾರೆ. ಸೂತ್ರಕ್ಕಿಂತ ಎಣಿಕೆಯಲ್ಲಿ ಅದು ಬೇಗ ಮನಸ್ಸಿಗೆ ಹತ್ತುತ್ತದೆ.

ಇಂಥ 1000 ಉತ್ಪನ್ನಗಳಿವೆ ಎಂದುಕೊಳ್ಳಿ. ಅವುಗಳಲ್ಲಿ 400ಕ್ಕೆ ಬೇಡಿಕೆ ಹೆಚ್ಚು, 600ಕ್ಕೆ ಕಡಿಮೆ. 400ರಲ್ಲಿ 320ಕ್ಕೆ ಪರೀಕ್ಷೆ ಅನುಕೂಲವಾಗಿ ಬರುತ್ತದೆ. 600ರಲ್ಲಿ 120ಕ್ಕೆ ತಪ್ಪಾಗಿ ಅನುಕೂಲವಾಗಿ ಬರುತ್ತದೆ. ಹೀಗೆ ಅನುಕೂಲ ಫಲಿತಾಂಶ ಒಟ್ಟು 440. ಅವುಗಳಲ್ಲಿ ನಿಜವಾಗಿ ಬೇಡಿಕೆ ಇರುವವು 320, ಅಂದರೆ 0.727. ಉಳಿದ 560 ಪ್ರತಿಕೂಲ ಫಲಿತಾಂಶಗಳಲ್ಲಿ ಬೇಡಿಕೆ ಹೆಚ್ಚಿರುವವು 80, ಅಂದರೆ 0.143. ಮರದಲ್ಲಿ ಬರೆಯಬೇಕಾದ ಅಂಕಿಗಳು ಇವು: ಫಲಿತಾಂಶದ ವೃತ್ತಕ್ಕೆ 0.44 ಮತ್ತು 0.56, ಅವುಗಳ ಮುಂದಿನ ಬೇಡಿಕೆಯ ವೃತ್ತಗಳಿಗೆ ಕ್ರಮವಾಗಿ 0.727 ಮತ್ತು 0.143.

ತಾಳೆ ನೋಡಲು ಒಂದು ಉಪಾಯವಿದೆ. 0.44 × 0.727 ಮತ್ತು 0.56 × 0.143 ಇವನ್ನು ಕೂಡಿದರೆ ಮತ್ತೆ 0.40 ಬರಬೇಕು. ಬರದಿದ್ದರೆ ಎಲ್ಲೋ ತಿರುಗಿಸುವಲ್ಲಿ ತಪ್ಪಾಗಿದೆ.

80 ಮತ್ತು 20 ಎಂಬ ಅಂಕಿಗಳು ಎಲ್ಲಿಂದ ಬರುತ್ತವೆ ಎಂಬುದರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಹಿಂದಿನ ದಾಖಲೆಗಳಿಂದ ತೆಗೆಯುವಾಗ ಒಂದು ಓರೆ ತಾನಾಗಿಯೇ ನುಸುಳುತ್ತದೆ. ಪರೀಕ್ಷೆಯಲ್ಲಿ ಪ್ರತಿಕೂಲ ಎನಿಸಿದ ಉತ್ಪನ್ನಗಳಲ್ಲಿ ಹೆಚ್ಚಿನವು ಬಿಡುಗಡೆಯೇ ಆಗಿರುವುದಿಲ್ಲವಾದ್ದರಿಂದ ಅವುಗಳಿಗೆ ನಿಜವಾಗಿ ಬೇಡಿಕೆ ಇತ್ತೇ ಎಂಬುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಬಿಡುಗಡೆಯಾದವುಗಳನ್ನು ಮಾತ್ರ ಎಣಿಸಿದರೆ, ಬೇಡಿಕೆ ಇದ್ದೂ ಪರೀಕ್ಷೆಯಲ್ಲಿ ಸೋತವು ಎಣಿಕೆಗೆ ಸಿಗದೆ 80 ಎಂಬುದು 95ರಂತೆ ಕಾಣಬಹುದು. ಪರೀಕ್ಷೆ ನಡೆಸಿಕೊಡುವವರೇ ತಮ್ಮ ವಿಶ್ವಾಸಾರ್ಹತೆಯ ಅಂಕಿ ಕೊಟ್ಟಿದ್ದರೆ ಇದೊಂದನ್ನು ತಪ್ಪದೆ ಕೇಳಬೇಕು.

‘ಅನುಕೂಲ’ ಎಂದರೆ ಏನು ಎಂಬುದನ್ನೂ ಪರೀಕ್ಷೆಗೆ ಮೊದಲೇ ಬರೆದಿಡಬೇಕು. ಉದಾಹರಣೆಗೆ, ಮೊದಲ ಬಾಟಲಿ ಕೊಂಡ 100 ಮನೆಗಳಲ್ಲಿ ಕನಿಷ್ಠ 30 ಮನೆಗಳು ಮೂರು ತಿಂಗಳೊಳಗೆ ಎರಡನೇ ಬಾಟಲಿ ಕೊಂಡರೆ ಅನುಕೂಲ, ಇಲ್ಲದಿದ್ದರೆ ಪ್ರತಿಕೂಲ. ಮೊದಲ ಬಾಟಲಿಯನ್ನು ಕುತೂಹಲಕ್ಕೋ ರಿಯಾಯಿತಿಗೋ ಕೊಳ್ಳುವವರಿರುತ್ತಾರೆ, ಎರಡನೆಯದರಲ್ಲಿ ಬೇಡಿಕೆಯ ಸುಳಿವು ಹೆಚ್ಚು. ಗೆರೆಯನ್ನು ಮೊದಲೇ ಎಳೆಯದಿದ್ದರೆ 27 ಬಂದಾಗ ‘ಪರವಾಗಿಲ್ಲ, ಅನುಕೂಲವೇ’ ಎಂದು ಓದಿಕೊಳ್ಳುತ್ತಾರೆ, ಆ ಕ್ಷಣದಲ್ಲಿ 0.727 ತನ್ನ ಅರ್ಥ ಕಳೆದುಕೊಳ್ಳುತ್ತದೆ.

## ಹಂತ 5: ಬಲದಿಂದ ಎಡಕ್ಕೆ ಮಡಿಚಿ ಬನ್ನಿ

ಈಗ ನಿರೀಕ್ಷಿತ ಹಣದ ಮೌಲ್ಯವನ್ನು, ಅಂದರೆ ಇಎಂವಿಯನ್ನು ಲೆಕ್ಕ ಹಾಕಬೇಕು. ವೃತ್ತ ಬಂದಾಗ ಸಂಭವನೀಯತೆಯಿಂದ ಮೊತ್ತವನ್ನು ಗುಣಿಸಿ ಕೂಡಬೇಕು. ಚೌಕ ಬಂದಾಗ ಅತಿ ದೊಡ್ಡದನ್ನು ಉಳಿಸಿಕೊಂಡು ಉಳಿದ ಕವಲುಗಳಿಗೆ ಅಡ್ಡಗೆರೆ ಹಾಕಬೇಕು. ಚೌಕದಲ್ಲಿ ಸರಾಸರಿ ತೆಗೆಯಬಾರದು, ಏಕೆಂದರೆ ಅಲ್ಲಿ ಆರಿಸುವವರು ನಾವು.

ಈಗಲೇ ಬಿಡುಗಡೆ: 0.40 × 100 − 0.60 × 40 = 16.

ಕಾಯುವ ಕವಲಿನಲ್ಲಿ ಅನುಕೂಲ ಫಲಿತಾಂಶದ ನಂತರ ಬಿಡುಗಡೆ ಮಾಡಿದರೆ 0.727 × 75 − 0.273 × 45, ಸುಮಾರು 42.3. ಇದು ಸೊನ್ನೆಗಿಂತ ಹೆಚ್ಚಾದ್ದರಿಂದ ಬಿಡುಗಡೆ ಮಾಡುತ್ತೇವೆ. ಪ್ರತಿಕೂಲ ಫಲಿತಾಂಶದ ನಂತರ ಬಿಡುಗಡೆ ಮಾಡಿದರೆ 0.143 × 75 − 0.857 × 45, ಸುಮಾರು −27.9. ಕೈಬಿಟ್ಟರೆ ಸೊನ್ನೆ. ಹಾಗಾಗಿ ಕೈಬಿಡುತ್ತೇವೆ. ಇವೆರಡನ್ನು ಸೇರಿಸಿದರೆ 0.44 × 42.3 + 0.56 × 0 = 18.6. ಪರೀಕ್ಷೆಯ ಖರ್ಚು 6 ಕಳೆದರೆ 12.6.

16 ಮತ್ತು 12.6. ಈ ಅಂಕಿಗಳಲ್ಲಿ ಈಗಲೇ ಬಿಡುಗಡೆ ಮಾಡುವುದು 3.4ರಷ್ಟು ಮುಂದಿದೆ.

ಇದೇ ಅಂಕಿಗಳಿಂದ ತಪ್ಪು ಮರಗಳು ಏನು ಹೇಳುತ್ತಿದ್ದವು ಎಂಬುದನ್ನೂ ನೋಡಬೇಕು. ಕೈಬಿಡುವ ಚೌಕವನ್ನು ಮರೆತಿದ್ದರೆ ಕಾಯುವುದರ ಮೌಲ್ಯ 0.40 × 75 − 0.60 × 45 − 6, ಅಂದರೆ −3 ಆಗುತ್ತಿತ್ತು. ಪರೀಕ್ಷೆ ಎಂದೂ ತಪ್ಪುವುದಿಲ್ಲ ಎಂದುಕೊಂಡಿದ್ದರೆ 0.40 × 75 − 6, ಅಂದರೆ 24 ಆಗಿ, ಕಾಯುವುದೇ ಸರಿ ಎಂದು ತೋರುತ್ತಿತ್ತು. ಈಗಿನ ಬಿಡುಗಡೆಯಲ್ಲಿ ಮಧ್ಯೆ ನಿಲ್ಲಿಸುವ ಅವಕಾಶವನ್ನು ಮರೆತು 40ರ ಬದಲು 55 ಬರೆದಿದ್ದರೆ 16 ಎನ್ನುವುದು 7ಕ್ಕೆ ಇಳಿದು ಆಗಲೂ ಕಾಯುವುದೇ ಗೆಲ್ಲುತ್ತಿತ್ತು.

ಸ್ಪ್ರೆಡ್‌ಶೀಟ್‌ನಲ್ಲಿ ಇಡೀ ಮರ ಹತ್ತು ಕೋಶಗಳಲ್ಲಿ ಹಿಡಿಯುತ್ತದೆ:

```
B1   0.40
B2   0.80
B3   0.20
B4   =B1*B2+(1-B1)*B3
B5   =B1*B2/B4
B6   =B1*(1-B2)/(1-B4)
B7   =B1*100+(1-B1)*(-40)
B8   =MAX(0,B5*75+(1-B5)*(-45))
B9   =MAX(0,B6*75+(1-B6)*(-45))
B10  =B4*B8+(1-B4)*B9-6
```

B7ರಲ್ಲಿ ಈಗಿನ ಬಿಡುಗಡೆಯ ಮೌಲ್ಯ, B10ರಲ್ಲಿ ಕಾಯುವುದರ ಮೌಲ್ಯ ಸಿಗುತ್ತದೆ. MAX ಇರುವ ಎರಡು ಸಾಲುಗಳೇ ಚೌಕಗಳು. ಅವುಗಳ ಜಾಗದಲ್ಲಿ 42.3, 0 ಎಂದು ಅಂಕಿಗಳನ್ನೇ ಬರೆದಿಟ್ಟರೆ ಮುಂದಿನ ಹಂತಗಳಲ್ಲಿ ಮರ ಬದಲಾವಣೆಗೆ ಓಗೊಡುವುದಿಲ್ಲ.

## ಹಂತ 6: ವ್ಯತ್ಯಾಸ ಎಲ್ಲಿಂದ ಬಂತೆಂದು ಬಿಡಿಸಿ ನೋಡಿ

ಹೆಚ್ಚಿನವರು 16 ದೊಡ್ಡದೋ 12.6 ದೊಡ್ಡದೋ ಎಂದು ನೋಡಿ ಹಾಳೆ ಮಡಿಚಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಲೆಕ್ಕದ ಅತ್ಯಂತ ಉಪಯುಕ್ತ ಭಾಗ ಇಲ್ಲಿಂದ ಆರಂಭವಾಗುತ್ತದೆ.

ವಿಳಂಬದಿಂದ ಏನೂ ನಷ್ಟವಿಲ್ಲ, ಪರೀಕ್ಷೆಯೂ ಉಚಿತ ಎಂದು ಒಂದು ಗಳಿಗೆ ಊಹಿಸಿ. 1000 ಉತ್ಪನ್ನಗಳ ಎಣಿಕೆಯಲ್ಲಿ ಬಂದ 320 ಮತ್ತು 120ನ್ನು 0.32 ಮತ್ತು 0.12 ಎಂದು ಬರೆದರೆ, ಆಗ ಕಾಯುವ ಕವಲಿನ ಮೌಲ್ಯ 0.32 × 100 − 0.12 × 40 = 27.2. ಈಗಿನ ಬಿಡುಗಡೆಯ 16ಕ್ಕಿಂತ ಇದು 11.2 ಹೆಚ್ಚು. ಈ ಪರೀಕ್ಷೆ ತರುವ ಮಾಹಿತಿಯ ಬೆಲೆ ಅಷ್ಟು. ಪರೀಕ್ಷೆಯ ಖರ್ಚು 6 ಮಾತ್ರ ಇರುವುದರಿಂದ ‘11.2 ಬೆಲೆಬಾಳುವುದು 6ಕ್ಕೆ ಸಿಗುತ್ತಿದೆ, ಪರೀಕ್ಷೆ ಮಾಡೋಣ’ ಎಂಬ ವಾದ ಸಭೆಗಳಲ್ಲಿ ಸುಲಭವಾಗಿ ಗೆಲ್ಲುತ್ತದೆ.

ಆ ವಾದ ಬಿಟ್ಟುಬಿಟ್ಟಿರುವುದು ವಿಳಂಬದ ಬೆಲೆಯನ್ನು. 27.2 ಇದ್ದದ್ದು ತಡವಾದ ಬಿಡುಗಡೆಯ ಮೊತ್ತಗಳಲ್ಲಿ 18.6ಕ್ಕೆ ಇಳಿಯಿತು, ಅಂದರೆ ಕಾಯುವುದರಿಂದಲೇ 8.6 ಹೋಯಿತು. ಅದಕ್ಕೆ 6 ಸೇರಿಸಿದರೆ 14.6. ನಾವು 11.2 ಬೆಲೆಯ ಮಾಹಿತಿಗೆ 14.6 ತೆರುತ್ತಿದ್ದೇವೆ, 3.4 ಕೊರತೆ. ಹೀಗೆ ಬಿಡಿಸಿಟ್ಟರೆ ಏನು ಮಾಡಬೇಕೆಂಬುದೂ ತಿಳಿಯುತ್ತದೆ: ಪರೀಕ್ಷೆಯ ಖರ್ಚನ್ನು ಚೌಕಾಶಿ ಮಾಡಿ ಒಂದೆರಡು ಲಕ್ಷ ಉಳಿಸುವುದಕ್ಕಿಂತ ಪರೀಕ್ಷೆಯನ್ನು ಬೇಗ ಮುಗಿಸುವುದರಲ್ಲಿ ಹೆಚ್ಚು ಹಣವಿದೆ.

## ಹಂತ 7: ನಿರ್ಧಾರ ತಿರುಗುವ ಬಿಂದುಗಳನ್ನು ಹುಡುಕಿ

ಅಂದಾಜುಗಳನ್ನು ಒಂದೊಂದಾಗಿ ಬದಲಿಸುತ್ತ, B7 ಮತ್ತು B10 ಎಲ್ಲಿ ಸಮವಾಗುತ್ತವೆ ಎಂದು ನೋಡಿ. ಎಲ್ಲವನ್ನೂ 10 ಪ್ರತಿಶತ ಮೇಲೆ ಕೆಳಗೆ ಮಾಡುವ ಪಟ್ಟಿಗಿಂತ ಈ ತಿರುವಿನ ಬಿಂದುಗಳು ಹೆಚ್ಚು ಹೇಳುತ್ತವೆ.

ಹೆಚ್ಚಿನ ಬೇಡಿಕೆಯ ಸಂಭವನೀಯತೆ 0.40ರಿಂದ ಸುಮಾರು 0.35ಕ್ಕೆ ಇಳಿದರೆ ಎರಡೂ ಸಮ. ಅದಕ್ಕಿಂತ ಕೆಳಗೆ ಕಾಯುವುದೇ ಲೇಸು, ಸುಮಾರು 0.22ಕ್ಕಿಂತಲೂ ಕೆಳಗಿಳಿದರೆ ಪರೀಕ್ಷೆಯನ್ನೂ ಮಾಡದೆ ಕೈಬಿಡುವುದು ಲೇಸು. ತಡವಾದ ಬಿಡುಗಡೆಯ ಲಾಭ 75ರ ಬದಲು 85.6 ಆದರೆ ಎರಡೂ ಸಮ. ಪರೀಕ್ಷೆ ಎರಡೂ ಬದಿಯಲ್ಲಿ 100ಕ್ಕೆ 86 ಸಲ ಸರಿಯಾಗಿ ಹೇಳುವಂತಾದರೆ ಆಗಲೂ ಸಮ.

ಈಗ ಕೇಳಬೇಕಾದ ಪ್ರಶ್ನೆ ಸ್ಪಷ್ಟವಾಗಿದೆ. ನಿಮ್ಮ 0.40 ಎಂಬ ಅಂದಾಜು 0.35 ಅಲ್ಲವೆಂದು ಎಷ್ಟು ಖಚಿತವಾಗಿ ಹೇಳಬಲ್ಲಿರಿ? ಬೇಡಿಕೆಯ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಅಂದಾಜು ಮಾಡಬಲ್ಲವರು ವಿರಳ. ಆದ್ದರಿಂದ ಈ ಮರದಿಂದ ‘ಈಗಲೇ ಬಿಡುಗಡೆ ಮಾಡಿ’ ಎಂಬ ದೃಢವಾದ ಆದೇಶ ಹೊರಡುವುದಿಲ್ಲ. ಎರಡು ಆಯ್ಕೆಗಳು ಹತ್ತಿರದಲ್ಲಿವೆ ಎಂದಷ್ಟೇ ಹೇಳಬಹುದು. 3.4 ಎಂಬ ವ್ಯತ್ಯಾಸವನ್ನು ತೀರ್ಪಿನಂತೆ ಓದಿ ಹೇಳುವ ವರದಿ ಕಂಡರೆ ಅದೊಂದು ಎಚ್ಚರಿಕೆಯ ಗುರುತು. ಮರ ಬರೆದ ಮೇಲೆ ಬೇಕಾದ ಉತ್ತರ ಬರುವವರೆಗೆ 0.40ನ್ನು ತಿದ್ದುತ್ತ ಹೋಗಿರುವುದು ಇನ್ನೊಂದು. ಅಂದಾಜುಗಳನ್ನು ಯಾರು, ಯಾವ ದಿನ ಕೊಟ್ಟರು ಎಂದು ಲೆಕ್ಕಕ್ಕೆ ಮುಂಚೆಯೇ ಬರೆದಿಟ್ಟರೆ ಇದನ್ನು ತಡೆಯಬಹುದು.

## ಹಂತ 8: ಸರಾಸರಿಯ ಹಿಂದಿರುವ ನಷ್ಟವನ್ನು ನೋಡಿ

ಇಎಂವಿ ಒಂದು ಸರಾಸರಿ. ಇಲ್ಲಿ ಯಾವ ಕವಲಿನ ತುದಿಯಲ್ಲೂ 16 ಎಂಬ ಮೊತ್ತವಿಲ್ಲ; ಈಗ ಬಿಡುಗಡೆ ಮಾಡಿದರೆ ಕೈಗೆ ಬರುವುದು 100, ಇಲ್ಲವೇ ಕೈಯಿಂದ ಹೋಗುವುದು 40. ಆದ್ದರಿಂದ ಮಡಿಚಿದ ಮರವನ್ನು ಮತ್ತೆ ಬಿಡಿಸಿ, ಪ್ರತಿ ಆಯ್ಕೆಯಲ್ಲಿ ಯಾವ ಮೊತ್ತ ಎಷ್ಟು ಸಂಭವನೀಯ ಎಂದು ಪಕ್ಕಪಕ್ಕ ಬರೆಯಬೇಕು. ಕಾಯುವ ಸಾಲಿನಲ್ಲಿ ಪರೀಕ್ಷೆಯ ಖರ್ಚನ್ನು ಈಗ ಸೇರಿಸಿಕೊಂಡಿದ್ದೇನೆ.

| ಆಯ್ಕೆ | ಮೊತ್ತ ಮತ್ತು ಸಂಭವನೀಯತೆ |
|---|---|
| ಈಗಲೇ ಬಿಡುಗಡೆ | +100 (0.40), −40 (0.60) |
| ಪರೀಕ್ಷೆ ಮಾಡಿ ಕಾಯುವುದು | +69 (0.32), −6 (0.56), −51 (0.12) |

ಈಗಲೇ ಬಿಡುಗಡೆ ಮಾಡಿದರೆ 100ಕ್ಕೆ 60ರಷ್ಟು ಸಂಭವನೀಯತೆಯಲ್ಲಿ 40 ಲಕ್ಷ ಹೋಗುತ್ತದೆ. ಕಾದರೆ ದೊಡ್ಡ ನಷ್ಟದ ಸಂಭವನೀಯತೆ 100ಕ್ಕೆ 12 ಮಾತ್ರ, ಆದರೆ ಆ ನಷ್ಟ 51 ಲಕ್ಷ. ಇಂಥ ಹತ್ತಾರು ಉತ್ಪನ್ನಗಳನ್ನು ಒಂದರ ಮೇಲೊಂದು ತರುವ, 40 ಲಕ್ಷದ ನಷ್ಟದಿಂದ ಅಲುಗಾಡದ ಸಂಸ್ಥೆಯಾದರೆ ಇಎಂವಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಸರಿ, ಏಕೆಂದರೆ ಹಲವು ನಿರ್ಧಾರಗಳ ಮೇಲೆ ಸರಾಸರಿಯೇ ಕೈಗೆ ಸಿಗುತ್ತದೆ. ಇದೊಂದೇ ಉತ್ಪನ್ನದ ಮೇಲೆ ನಿಂತಿರುವ, 40 ಲಕ್ಷ ಹೋದರೆ ಸಂಬಳ ಕೊಡಲಾಗದ ಸಂಸ್ಥೆಗೆ ಸರಾಸರಿಯ 3.4 ಲಾಭಕ್ಕಾಗಿ ಆ 60ರ ಅಪಾಯಕ್ಕೆ ಒಡ್ಡಿಕೊಳ್ಳಿ ಎಂದು ನಾನಾದರೆ ಹೇಳುವುದಿಲ್ಲ. ಅಂಥ ಸಂಸ್ಥೆ ಮೊದಲು ತಾನು ತಾಳಬಲ್ಲ ಅತಿ ದೊಡ್ಡ ನಷ್ಟವನ್ನು ಬರೆದಿಟ್ಟು, ಎರಡೂ ಸಾಲುಗಳಲ್ಲಿ ಅದನ್ನು ಮೀರುವ ಸಂಭವನೀಯತೆ ಎಷ್ಟೆಂದು ನೋಡಿ, ನಂತರವೇ ಇಎಂವಿಗೆ ಬರಬೇಕು. ಆ ಮಿತಿ 30 ಆಗಿದ್ದರೆ ಮೇಲಿನ ಪಟ್ಟಿಯಲ್ಲಿ ಹೋಲಿಸಬೇಕಾದ ಅಂಕಿಗಳು 0.60 ಮತ್ತು 0.12.